ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಮನೆಯ ಕೀಲಿ ಕೊಡುವ ಮುನ್ನ

ಶಿವಮೊಗ್ಗದಲ್ಲಿ ಬಾಡಿಗೆ ಮನೆ ಬದಲಾಯಿಸುವವರಲ್ಲಿ ಹೆಚ್ಚಿನವರು ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲೇ ಬದಲಾಯಿಸುತ್ತಾರೆ. ಆಗ ಗೋಡೆಗಳು ಒಣಗಿರುತ್ತವೆ, ಸುಣ್ಣಬಣ್ಣ ಹೊಸದಾಗಿರುತ್ತದೆ, ಯಾವ ಸ್ವಿಚ್ ಒತ್ತಿದರೂ ದೀಪ ಹೊತ್ತುತ್ತದೆ. ಬಂದವರು ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಿ ಒಪ್ಪಿಕೊಳ್ಳುತ್ತಾರೆ. ಜುಲೈ ಹೊತ್ತಿಗೆ ಅದೇ ಮನೆಯ ಪಶ್ಚಿಮದ ಗೋಡೆ ನೀರು ಕುಡಿದು ಕಪ್ಪಾಗಿರುತ್ತದೆ, ಆ ಗೋಡೆಯೊಳಗಿನ ಪೈಪಿನಲ್ಲಿ ವಿದ್ಯುತ್ ತಂತಿ ಹೋಗಿರುತ್ತದೆ, ಹೊರಗೆ ಹೋಗಲಾಗದ ಮಗು ದಿನವಿಡೀ ಮನೆಯೊಳಗೇ ತೆವಳುತ್ತಿರುತ್ತದೆ. ಹಾಗಾಗಿ ಮಲೆನಾಡಿನಲ್ಲಿ ಮನೆಯ ಸುರಕ್ಷತೆಯನ್ನು ಬೇಸಿಗೆಯಲ್ಲಿ ಒಮ್ಮೆ ನೋಡಿ ಮುಗಿಸುವುದು ಸಾಲದು, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಲೇಬೇಕು ಎಂಬುದು ಒಬ್ಬ ಮನೆ ಮಾಲೀಕನಾಗಿ ನನ್ನ ಖಚಿತ ಅಭಿಪ್ರಾಯ.

ಮೊದಲು ಮೀಟರ್ ಪಕ್ಕದ ಪೆಟ್ಟಿಗೆಯ ವಿಷಯ. ಅದರಲ್ಲಿ, ತಂತಿಯಲ್ಲಿ ವಿದ್ಯುತ್ ಮಿತಿಮೀರಿ ಹರಿದರೆ ತಾನಾಗಿ ಬೀಳುವ ಎಂಸಿಬಿ ಎಂಬ ಸ್ವಿಚ್‌ಗಳು ಸಾಲಾಗಿದ್ದರೆ ಮನೆ ಸುರಕ್ಷಿತ ಎಂದು ಬಹಳಷ್ಟು ಮಾಲೀಕರು ನಂಬಿದ್ದಾರೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ದೀಪಗಳ ಸಾಲಿಗೆ ಹಾಕುವ 6 ಆಂಪಿಯರ್ ಎಂಸಿಬಿ ಎಂದರೆ 6000 ಮಿಲಿಆಂಪಿಯರ್. ಮಗುವಿನ ಮೈಯಲ್ಲಿ ಅದರ ನೂರರಲ್ಲಿ ಒಂದು ಪಾಲು ವಿದ್ಯುತ್ ಹರಿದರೂ ಜೀವ ಹೋಗಬಹುದು, ಎಂಸಿಬಿ ಮಾತ್ರ ಅಲುಗಾಡುವುದಿಲ್ಲ. ಜೀವ ಉಳಿಸುವುದು ಆರ್‌ಸಿಸಿಬಿ ಎಂಬ ಬೇರೊಂದು ಸಾಧನ. ಫೇಸ್‌ನಲ್ಲಿ ಹೋದ ವಿದ್ಯುತ್ತೆಲ್ಲ ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ಬರುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ಗೋಡೆಯ ಮೂಲಕವೋ ಮೈಯ ಮೂಲಕವೋ ನೆಲಕ್ಕೆ ಸೋರಿಹೋಗುವ ಪ್ರಮಾಣ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ, ಕ್ಷಣಾರ್ಧದೊಳಗೆ, ಅದು ಕರೆಂಟ್ ಕಡಿದುಬಿಡುತ್ತದೆ. ಕೊಳ್ಳುವಾಗ ಅದರ ಮೇಲೆ 30 ಮಿಲಿಆಂಪಿಯರ್ ಎಂದು ನಮೂದಾಗಿರುವುದನ್ನು ನೋಡಿಯೇ ಕೊಳ್ಳಬೇಕು. 100 ಅಥವಾ 300 ಎಂದಿರುವವು ಮುಖ್ಯವಾಗಿ ಬೆಂಕಿ ಅನಾಹುತ ತಡೆಯುವುದಕ್ಕಿರುವಂಥವು, ಮಗುವನ್ನು ಕಾಯಲಾರವು.

ವಿನೋಬನಗರದ ನಮ್ಮ ಮಹಡಿ ಮನೆಯಲ್ಲಿ ಈಗ ಒಂದೂವರೆ ವರ್ಷದ ಮಗುವಿರುವ ದಂಪತಿ ಇದ್ದಾರೆ. ಅವರು ಬರುವ ಮೊದಲೇ, ಬೇಸಿಗೆಯಲ್ಲಿ, ಆರ್‌ಸಿಸಿಬಿ ಹಾಕಿಸಿದ್ದೆವು. ಮೇ ಮುಗಿಯುವವರೆಗೆ ಅದರ ಸದ್ದೇ ಇರಲಿಲ್ಲ. ಜಡಿಮಳೆ ಹಿಡಿದ ಮೊದಲ ವಾರದಲ್ಲೇ ರಾತ್ರಿಯ ಹೊತ್ತು ಟ್ರಿಪ್ ಆಗತೊಡಗಿತು. "ಅಂಕಲ್, ಮತ್ತೆ ಕರೆಂಟ್ ಹೋಯ್ತು, ಪಾಪು ಅಳ್ತಾ ಇದೆ" ಎಂದು ಆ ತಾಯಿ ಫೋನ್ ಮಾಡಿದರು. ಬಂದ ಎಲೆಕ್ಟ್ರಿಷಿಯನ್ ನೋಡಿದ ಕೂಡಲೇ "ಮಳೆಗಾಲದಲ್ಲಿ ಇದರದ್ದು ಇದೇ ಕಾಟ ಸಾರ್, ಬೈಪಾಸ್ ಮಾಡಿಬಿಡೋಣ" ಎಂದರು. ನಮ್ಮೂರಿನಲ್ಲಿ ಎಷ್ಟೋ ಮನೆಗಳ ಆರ್‌ಸಿಸಿಬಿ ಹೀಗೆಯೇ ಪೆಟ್ಟಿಗೆಯಲ್ಲಿದ್ದೂ ಇಲ್ಲದಂತಾಗಿರುತ್ತದೆ. ನಾನು ಒಪ್ಪಲಿಲ್ಲ. ಸೋರಿಕೆ ಎಲ್ಲಿಯೆಂದು ಹುಡುಕೋಣ ಎಂದೆ.

ಹುಡುಕುವ ಕ್ರಮ ಸರಳವಾದದ್ದು. ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ ಆರ್‌ಸಿಸಿಬಿಯೊಂದನ್ನೇ ಮೇಲೆತ್ತಿದೆವು, ಅದು ಬೀಳದೆ ನಿಂತಿತು. ಆಮೇಲೆ ಒಂದೊಂದಾಗಿ ಎಂಸಿಬಿ ಮೇಲೆತ್ತುತ್ತ ಹೋದೆವು. ಹಾಲ್, ಅಡುಗೆಮನೆ, ಗೀಸರ್ ಎಲ್ಲವೂ ಸರಿಯಾಗಿದ್ದವು. ಬಾಲ್ಕನಿ ದೀಪದ ಸಾಲು ಮೇಲೇರಿದೊಡನೆ ಆರ್‌ಸಿಸಿಬಿ ಬಿದ್ದಿತು. ಗೋಡೆಯ ದೀಪ ಬಿಚ್ಚಿದರೆ, ಛಾವಣಿಗೂ ಗೋಡೆಗೂ ನಡುವಿನ ಬಿರುಕಿನಿಂದ ಇಳಿದ ನೀರು ಪೈಪಿನೊಳಗೇ ಹರಿದುಬಂದು ಜಂಕ್ಷನ್ ಬಾಕ್ಸಿನಲ್ಲಿ ನಿಂತಿತ್ತು. ಅದರೊಳಗೆ ಬರೀ ಟೇಪ್ ಸುತ್ತಿದ್ದ ಜಾಯಿಂಟ್, ಟೇಪ್ ಕಿತ್ತರೆ ತಾಮ್ರದ ಮೇಲೆ ಹಸಿರು ಕಿಲುಬು. ಅಲ್ಲಿಂದ ದೀಪಕ್ಕೆ ಹೋದ ತಂತಿಯನ್ನು ಬಾಲ್ಕನಿಯ ಕಬ್ಬಿಣದ ಗ್ರಿಲ್‌ಗೇ ಕಟ್ಟಿದ್ದರು. ಆ ಮಗು ದಿನಕ್ಕೆ ಹತ್ತಾರು ಬಾರಿ ಎರಡೂ ಕೈಯಲ್ಲಿ ಹಿಡಿದು ನಿಂತು ರಸ್ತೆ ನೋಡುವುದು ಅದೇ ಗ್ರಿಲ್ ಅನ್ನು. ಬಿರುಕು ಮುಚ್ಚಿಸಿ, ಜಾಯಿಂಟೇ ಇಲ್ಲದ ಹೊಸ ತಂತಿ ಎಳೆಸಿ, ದೀಪವನ್ನು ಗ್ರಿಲ್‌ನಿಂದ ದೂರಕ್ಕೆ ಬದಲಾಯಿಸಿದ ಮೇಲೆ ಟ್ರಿಪ್ ಆಗುವುದು ನಿಂತಿತು.

ಎಲ್ಲ ಎಂಸಿಬಿ ಇಳಿಸಿದ್ದರೂ ಆರ್‌ಸಿಸಿಬಿ ನಿಲ್ಲದ ಮನೆಗಳೂ ಇವೆ. ಸಾಮಾನ್ಯ ಎಂಸಿಬಿ ಫೇಸ್ ಅನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ತಂತಿ ಎಲ್ಲಾದರೂ ಅರ್ತ್‌ಗೋ ಹಸಿ ಗೋಡೆಗೋ ತಗುಲಿದ್ದರೆ ಪೆಟ್ಟಿಗೆಯಲ್ಲಿ ನ್ಯೂಟ್ರಲ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕಾಗುತ್ತದೆ, ಅದು ಎಲೆಕ್ಟ್ರಿಷಿಯನ್ ಮಾಡುವ ಕೆಲಸ. ಇನ್ನು ಯುಪಿಎಸ್ ಕಡೆಗೆ ಬಹಳ ಕಡಿಮೆ ಜನ ಗಮನ ಕೊಡುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲವಾದ್ದರಿಂದ ಬಾಡಿಗೆದಾರರು ಯುಪಿಎಸ್ ತಂದು ಜೋಡಿಸುತ್ತಾರೆ. ಕರೆಂಟ್ ಹೋದಾಗ ಯುಪಿಎಸ್‌ನಿಂದ ಹೊರಡುವ ವಿದ್ಯುತ್ ಮುಖ್ಯ ಪೆಟ್ಟಿಗೆಯ ಆರ್‌ಸಿಸಿಬಿಯನ್ನು ಹಾದುಬರುವುದಿಲ್ಲ. ಮೇನ್ ಇಳಿಸಿದರೂ ಆ ಸಾಲಿನ ಸಾಕೆಟ್‌ಗಳಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಆದ್ದರಿಂದ ಯುಪಿಎಸ್‌ನಿಂದ ಹೊರಡುವ ಸಾಲಿಗೆ ಬೇರೆಯೇ ಆರ್‌ಸಿಸಿಬಿ ಬೇಕು, ಅದರ ಜೋಡಣೆ ಮಾಲೀಕರ ಕಣ್ಣೆದುರೇ ಆಗಬೇಕು.

ಅರ್ತಿಂಗ್‌ನ ಲೆಕ್ಕ ಮಳೆಯ ಲೆಕ್ಕಕ್ಕೆ ತಿರುಗುಮುರುಗು. ಅರ್ತಿಂಗ್ ಗುಂಡಿ ಮಳೆಗಾಲದಲ್ಲಿ ನೆನೆದು ಚೆನ್ನಾಗಿ ಕೆಲಸ ಮಾಡುತ್ತದೆ, ಏಪ್ರಿಲ್‌ನಲ್ಲಿ ಜಂಬಿಟ್ಟಿಗೆ ಮಣ್ಣು ಒಣಗಿ ಗಟ್ಟಿಯಾದಾಗ ಕೈಕೊಡುತ್ತದೆ. ಅದನ್ನು ಪರೀಕ್ಷಿಸಬೇಕಾದದ್ದು ಬೇಸಿಗೆಯಲ್ಲಿ. ಹಳೆಯ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯೊಳಗೆ ಎರಡೇ ತಂತಿ ಎಳೆದಿರುತ್ತಾರೆ. ಮೂರು ತೂತಿನ ಸಾಕೆಟ್ ಕಾಣಿಸಿದರೂ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಪ್ರತಿ ಸಾಕೆಟ್‌ನಲ್ಲೂ ಅರ್ತ್ ತಂತಿ ಬಂದಿದೆಯೇ ಎಂದು ಬಿಚ್ಚಿಸಿಯೇ ನೋಡಬೇಕು.

ಆರ್‌ಸಿಸಿಬಿಗೂ ಒಂದು ಮಿತಿಯಿದೆ. ಮಗು ಎರಡು ಕೈಯಲ್ಲಿ ಎರಡು ಹೇರ್‌ಪಿನ್ ಹಿಡಿದು ಸಾಕೆಟ್‌ನ ಕೆಳಗಿನ ಎರಡೂ ತೂತುಗಳಿಗೆ ಚುಚ್ಚಿತು ಎನ್ನೋಣ. ಆಗ ಹೋದ ವಿದ್ಯುತ್ತಿನ ಬಹುಪಾಲು ಮೈಯ ಮೂಲಕವೇ ನ್ಯೂಟ್ರಲ್‌ಗೆ ಮರಳುವುದರಿಂದ ಅದಕ್ಕೆ ಸೋರಿಕೆಯೇ ಕಾಣಿಸದಿರಬಹುದು. ಆ ಅಪಾಯವನ್ನು ಸಾಕೆಟ್‌ನಲ್ಲೇ ತಡೆಯಬೇಕು. ಹಿಂದೆ ಸ್ವಿಚ್ ಬೋರ್ಡ್‌ಗಳು ದೊಡ್ಡವರ ಎದೆಯ ಎತ್ತರದಲ್ಲಿದ್ದವು. ಈಗ ಟಿವಿಗೂ ಚಾರ್ಜರಿಗೂ ನೆಲದಿಂದ ಒಂದಡಿ ಮೇಲೆ ಕೊಡುತ್ತಾರೆ, ಅಂದರೆ ತೆವಳುವ ಮಗುವಿನ ಮುಖದ ಎದುರಿಗೆ. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದಾಗ ಹಿತ್ತಾಳೆ ಹೊಳೆದರೆ ಅದು ತೆರೆದ ಸಾಕೆಟ್. ಪ್ಲಾಸ್ಟಿಕ್ ಪರದೆ ಅಡ್ಡವಿದ್ದರೆ ಅದು ಷಟರ್ ಇರುವುದು. ಒಳ್ಳೆಯ ಷಟರ್ ಒಂದೇ ತೂತಿಗೆ ಏನಾದರೂ ತುರುಕಿದರೆ ತೆರೆಯುವುದಿಲ್ಲ, ಪ್ಲಗ್ಗಿನ ಪಿನ್ನುಗಳು ಒಟ್ಟಿಗೆ ಒತ್ತಿದಾಗ ಮಾತ್ರ ಸರಿಯುತ್ತದೆ. ಅಂಗಡಿಯಲ್ಲಿ ಸಿಗುವ ಬಿಡಿ ಪ್ಲಾಸ್ಟಿಕ್ ಮುಚ್ಚಳಗಳ ಬಗ್ಗೆ ನನಗೆ ಒಲವಿಲ್ಲ. ಎರಡು ವರ್ಷದ ಮಗು ಅವನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಬಲ್ಲದು. ಕೆಳಮಟ್ಟದ ಸಾಕೆಟ್‌ಗಳನ್ನೆಲ್ಲ ಷಟರ್ ಇರುವವಕ್ಕೆ ಬದಲಾಯಿಸುವುದೇ ಸರಿ.

ಅದೇ ಹೊತ್ತಿಗೆ ಇನ್ನೊಂದನ್ನು ಮಾಡಿಸಬೇಕು. ಸಾಕೆಟ್‌ನ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಟೆಸ್ಟರ್ ಹಿಡಿಸಿ ಎರಡೂ ತೂತು ನೋಡಿಸಬೇಕು. ಆಫ್ ಆಗಿರುವಾಗಲೂ ಟೆಸ್ಟರ್ ಪ್ರಖರವಾಗಿ ಹೊತ್ತಿದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ ಎಂದರ್ಥ. ಅಂಥ ಸಾಕೆಟ್ ಆಫ್ ಆದಂತೆ ಕಂಡರೂ ಒಳಗೆ ಜೀವಂತವಾಗಿಯೇ ಇರುತ್ತದೆ. ಅರ್ತ್ ತೂತು ಮೇಲಿರುವಂತೆ ಎದುರು ನಿಂತಾಗ ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು.

ಬಾಲ್ಕನಿಯಲ್ಲಿ ಮೊದಲು ಅಳೆಯಬೇಕಾದದ್ದು ಎತ್ತರ, ಆದರೆ ಅಳತೆ ಎಲ್ಲಿಂದ ಎಂಬುದೇ ಮುಖ್ಯ. ಒಂದೂವರೆ ಅಡಿಯ ಕಟ್ಟೆ, ಅದರ ಮೇಲೆ ಎರಡಡಿಯ ಗ್ರಿಲ್ ಇದ್ದರೆ ಒಟ್ಟು ಮೂರೂವರೆ ಅಡಿ ಎಂದು ಮಾಲೀಕರು ಲೆಕ್ಕ ಹೇಳುತ್ತಾರೆ. ಮಗುವಿನ ಕಾಲು ಕಟ್ಟೆಯ ಮೇಲೇರಿದ ಮೇಲೆ ಅದಕ್ಕೆ ಉಳಿದಿರುವುದು ಎರಡೇ ಅಡಿ. ಕಾಲೂರಲು ಸಾಧ್ಯವಿರುವ ಕೊನೆಯ ಜಾಗದಿಂದ ಮೇಲಕ್ಕೆ ಕನಿಷ್ಠ ಒಂದು ಮೀಟರ್ ಇರಬೇಕು. ಈಚೆಗೆ ಎಲ್ಲೆಡೆ ಕಾಣುವ ಅಡ್ಡ ಸ್ಟೀಲ್ ಪೈಪಿನ ಕಟಕಟೆ ನೋಡಲು ಚೆಂದವಿದ್ದರೂ ಮಗುವಿಗೆ ಅದು ಏಣಿಯೇ. ಮಕ್ಕಳಿರುವ ಮನೆಗೆ ನೆಟ್ಟಗೆ ನಿಂತ ಸರಳುಗಳೇ ಬೇಕು, ಸರಳುಗಳ ನಡುವಿನ ಸಂದು ನಾಲ್ಕು ಇಂಚಿಗಿಂತ ಕಡಿಮೆಯಿರಬೇಕು. ಮೈ ತೂರುವಷ್ಟು ಸಂದಿದ್ದು ತಲೆ ಮಾತ್ರ ಸಿಕ್ಕಿಕೊಳ್ಳುವುದು ಬೀಳುವಷ್ಟೇ ಭಯಂಕರ. ಅಡ್ಡ ಪೈಪುಗಳನ್ನು ಕೂಡಲೇ ಬದಲಾಯಿಸಲಾಗದಿದ್ದರೆ ಒಳಮುಖಕ್ಕೆ ಪಾಲಿಕಾರ್ಬನೇಟ್ ಹಾಳೆ ಬಿಗಿಸಬಹುದು. ಪಾರಿವಾಳಕ್ಕೆಂದು ಕಟ್ಟುವ ನೈಲಾನ್ ಬಲೆಯನ್ನು ನಂಬಬಾರದು.

ಮಂಗಗಳ ಕಾಟಕ್ಕೆ ಛಾವಣಿಯವರೆಗೂ ಗ್ರಿಲ್ ಹಾಕಿಸಿದ ಮನೆಗಳಲ್ಲಿ ಬೀಳುವ ಭಯ ಕಡಿಮೆ. ಅಲ್ಲಿ ಬೆಂಕಿ ಬಿದ್ದರೆ ಹೊರಬರಲು ತೆರೆಯುವ ಒಂದು ಬಾಗಿಲಿರಬೇಕು, ಅದರ ಬೀಗದ ಕೀಲಿ ದೊಡ್ಡವರಿಗೆ ಕತ್ತಲಲ್ಲೂ ಸಿಗುವ ಜಾಗದಲ್ಲಿ ನೇತಾಡುತ್ತಿರಬೇಕು.

ಗ್ರಿಲ್‌ನ ಗಟ್ಟಿತನವನ್ನು ಬಣ್ಣ ನೋಡಿ ತೀರ್ಮಾನಿಸಲಾಗದು. ನಮ್ಮ ಮಳೆಗೆ ಕಬ್ಬಿಣ ಮೊದಲು ತಿನ್ನಿಸಿಕೊಳ್ಳುವುದು ಸರಳು ಸಿಮೆಂಟಿನೊಳಗೆ ಇಳಿಯುವ ಬುಡದಲ್ಲಿ, ಏಕೆಂದರೆ ನೀರು ಅಲ್ಲಿಯೇ ನಿಲ್ಲುತ್ತದೆ. ಬುಡದ ಸುತ್ತ ಸಿಮೆಂಟಿನಲ್ಲಿ ಕಂದು ಕಲೆ, ಕೂದಲೆಳೆಯಂಥ ಬಿರುಕು, ಬಣ್ಣದಡಿ ಉಬ್ಬು ಕಂಡರೆ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಬೇಕು. ಪದರ ಪದರವಾಗಿ ಏಳುತ್ತ ಹೋಗಿ ಒಳಗೆ ಪೆನ್ಸಿಲಿಗಿಂತ ತೆಳ್ಳಗಿನ ಕಬ್ಬಿಣ ಉಳಿದಿದ್ದರೆ ಆ ಸರಳು ಹೋಯಿತೆಂದೇ ಲೆಕ್ಕ. ಆಮೇಲೆ ಒಳಗೆ ನಿಂತು ಎರಡೂ ಅಂಗೈಯಿಂದ, ಮೈಭಾರ ಹೊರಗೆ ವಾಲದಂತೆ, ಗ್ರಿಲ್ ಅನ್ನು ದೂಡಿ ಎಳೆದು ನೋಡಬೇಕು. ಬುಡದಲ್ಲಿ ಸಿಮೆಂಟ್ ಪುಡಿ ಉದುರಿದರೂ ಕಿರುಗುಟ್ಟಿದರೂ ವೆಲ್ಡಿಂಗಿನವರನ್ನು ಕರೆಸಬೇಕು. ಬಣ್ಣದವರನ್ನು ಕರೆಸಿದರೆ ತುಕ್ಕು ಮುಚ್ಚಿಹೋಗುತ್ತದೆಯೇ ಹೊರತು ಗ್ರಿಲ್ ಗಟ್ಟಿಯಾಗುವುದಿಲ್ಲ. ಹಾಗೆಯೇ ಗ್ರಿಲ್‌ಗೆ ಸುತ್ತಿದ ಕೇಬಲ್, ಇಂಟರ್‌ನೆಟ್ ತಂತಿಗಳನ್ನೂ ಬಟ್ಟೆ ಒಣಹಾಕಲು ಕಟ್ಟಿದ ಲೋಹದ ತಂತಿಯನ್ನೂ ತೆಗೆಸಿ, ಬಟ್ಟೆಗೆ ನೈಲಾನ್ ಹಗ್ಗ ಕಟ್ಟಿಸಬೇಕು.

ಇದರ ಖರ್ಚು ಬಾಡಿಗೆದಾರರದು ಎಂದು ವಾದಿಸುವ ಮಾಲೀಕರನ್ನು ನೋಡಿದ್ದೇನೆ. ಗೋಡೆಯೊಳಗಿನ ತಂತಿ, ಪೆಟ್ಟಿಗೆಯೊಳಗಿನ ಸಾಧನ, ಗ್ರಿಲ್ ಇವೆಲ್ಲ ಮನೆಯ ಭಾಗ. ಬಾಡಿಗೆದಾರರು ಹೋಗುವಾಗ ಹೊತ್ತೊಯ್ಯುವಂಥವಲ್ಲ. ನಮ್ಮ ಹನ್ನೊಂದು ತಿಂಗಳ ಕರಾರಿನಲ್ಲಿ ಇವು ಮಾಲೀಕರ ಹೊಣೆ ಎಂದು ಬರೆಸಿದ್ದೇನೆ. ಬಾಡಿಗೆದಾರರ ಪಾಲಿಗೆ ಒಂದೇ ಕೆಲಸ ಇಟ್ಟಿದ್ದೇನೆ. ತಿಂಗಳ ಮೊದಲ ದಿನ ಆರ್‌ಸಿಸಿಬಿಯ ಮೇಲೆ ಪರೀಕ್ಷೆಗೆಂದೇ ಇರುವ ಟಿ ಎಂಬ ಗುಂಡಿ ಒತ್ತಬೇಕು, ಆರ್‌ಸಿಸಿಬಿ ಬೀಳದಿದ್ದರೆ ಅಂದೇ ನನಗೆ ಫೋನ್ ಮಾಡಬೇಕು.