ಕರೆದೊಯ್ಯುವ ಹೊತ್ತು: ಐದೂಕಾಲು

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಬೆಳೆದು ಈಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನೆಲೆಸಿರುವ ನನಗೆ ಅಲ್ಲಿನ ಹಲವು ರೂಢಿಗಳು ಇಂದಿಗೂ ಒಗ್ಗಿಲ್ಲ. ಊಟದ ಹೊತ್ತಿಗೆ ಬಂದವರನ್ನು ಊಟಕ್ಕೆ ಕರೆಯದಿರುವುದು ಅವುಗಳಲ್ಲಿ ಒಂದು. ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ ಅವರು ಕಳುಹಿಸುವ ಚೀಟಿಯನ್ನು ಮಾತ್ರ ನಾನು ಮನಸಾರೆ ಒಪ್ಪಿಕೊಂಡಿದ್ದೇನೆ. ಕಳೆದ ಜನವರಿಯಲ್ಲಿ ಊರಿಗೆ ಬಂದಿದ್ದಾಗ ಅಕ್ಕನ ಮನೆಯಲ್ಲಿ ಆ ಚೀಟಿಯ ಒಂದು ಕೊಡಗಿನ ರೂಪವನ್ನು ಮಾಡಿಯೂ ನೋಡಿದೆವು.

ಮೊದಲು ಅಲ್ಲಿನ ಕ್ರಮವನ್ನು ಹೇಳುತ್ತೇನೆ. ಅನೇಕ ಡಚ್ ಶಾಲೆಗಳಿಗೆ ಬುಧವಾರ ಮಧ್ಯಾಹ್ನದ ನಂತರ ಬಿಡುವಿರುವುದರಿಂದ ಮಕ್ಕಳ ಪಾರ್ಟಿಗಳು ಹೆಚ್ಚಾಗಿ ಆ ದಿನವೇ ನಡೆಯುತ್ತವೆ. ಮಗಳಿಗೆ ಬಂದ ಮೊದಲ ಚೀಟಿಯಲ್ಲಿ ಮೂರೇ ಸಂಗತಿಗಳಿದ್ದವು: ಎರಡು ಗಂಟೆಗೆ ಮಗುವನ್ನು ತಂದು ಬಿಡಿ, ಆಲೂಗಡ್ಡೆ ಫ್ರೈಸ್ ತಿನ್ನಿಸಿರುತ್ತೇವೆ, ಐದು ಗಂಟೆಗೆ ಕರೆದೊಯ್ಯಿರಿ. ನಡುವಿನ ಸಾಲು ಏಕೆಂದು ನನಗೆ ಆಗ ತಿಳಿಯಲಿಲ್ಲ. ಅಲ್ಲಿ ರಾತ್ರಿಯೂಟ ಸಂಜೆ ಆರರ ಸುಮಾರಿಗೇ ಆಗುವುದರಿಂದ, ಮಗು ಹೊಟ್ಟೆ ತುಂಬಿಸಿಕೊಂಡು ಬರುತ್ತದೋ ಇಲ್ಲವೋ ಎಂಬುದು ತಾಯಿ ಅಡುಗೆಗೆ ಇಡುವ ಮೊದಲೇ ತಿಳಿದಿರಬೇಕು. ಆ ಒಂದು ಸಾಲು ಅದಕ್ಕಾಗಿ.

ನಾನು ಊರಿನ ಅಭ್ಯಾಸದಂತೆ ಉಡುಗೊರೆ ಹಿಡಿದು ಒಳಗೆ ಹೋಗಲು ಸಿದ್ಧನಾಗಿ ನಿಂತೆ. ಹುಟ್ಟುಹಬ್ಬದ ಮಗುವಿನ ತಾಯಿ ಬಾಗಿಲಲ್ಲೇ ಮಗಳ ಕೈ ಹಿಡಿದುಕೊಂಡು, ಐದಕ್ಕೆ ಸಿಗೋಣ ಎಂದು ನಗುತ್ತಾ ಹೇಳಿ ಬಾಗಿಲು ಮುಚ್ಚಿದರು. ಕಾಫಿಯ ಮಾತೂ ಬರಲಿಲ್ಲವಲ್ಲ ಎಂದು ಸ್ವಲ್ಪ ನೊಂದುಕೊಂಡೇ ಮರಳಿದೆ. ಐದೆಂದರೆ ಐದೂವರೆ ಎಂದು ನಾನೇ ಅರ್ಥ ಮಾಡಿಕೊಂಡು ಐದೂ ಇಪ್ಪತ್ತೈದಕ್ಕೆ ಹೋದಾಗ, ಮಗಳು ಜಾಕೆಟ್ಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡು, ಬೂಟು ಹಾಕಿಕೊಂಡು, ಮೆಟ್ಟಿಲ ಕೊನೆಯಲ್ಲಿ ಒಬ್ಬಳೇ ಕುಳಿತಿದ್ದಳು. ಉಳಿದ ಮಕ್ಕಳೆಲ್ಲ ಹೋಗಿಯಾಗಿತ್ತು. ಒಳಗೆ ಆ ಮನೆಯವರು ತಮ್ಮ ತಟ್ಟೆಗಳನ್ನು ಜೋಡಿಸುತ್ತಿದ್ದರು. ಅವರು ಏನೂ ಅನ್ನಲಿಲ್ಲ. ಮಗಳು ಮಾತ್ರ ದಾರಿಯುದ್ದಕ್ಕೂ ನನ್ನೊಡನೆ ಮಾತನಾಡಲಿಲ್ಲ.

ನಮ್ಮ ಕಡೆಯ ಆಮಂತ್ರಣದಲ್ಲಿ ಕೇಕಿನ ಚಿತ್ರವಿರುತ್ತದೆ, ಮಗುವಿನ ಫೋಟೋ ಇರುತ್ತದೆ, 'ಸಂಜೆ 4 ಗಂಟೆಯಿಂದ' ಎಂದಿರುತ್ತದೆ. ಆ 'ಯಿಂದ' ಎಂಬುದಕ್ಕೆ ಜೊತೆಯಾಗಬೇಕಾದ 'ವರೆಗೆ' ಮಾತ್ರ ಎಲ್ಲಿಯೂ ಇರುವುದಿಲ್ಲ. ಮುಗಿಯುವ ಹೊತ್ತನ್ನು ಬರೆದರೆ ಬಂದವರನ್ನು ಎದ್ದು ಹೋಗಿ ಎಂದಂತಾಗುತ್ತದೆ ಎಂಬ ಸಂಕೋಚವೇ ಇದಕ್ಕೆ ಕಾರಣವೆಂದು ನನಗೆ ಗೊತ್ತು, ಆ ಸಂಕೋಚದ ಬಗ್ಗೆ ನನಗೆ ಗೌರವವೂ ಇದೆ. ಆದರೆ ತೋಟದ ನಾಡಿನಲ್ಲಿ, ಅದರಲ್ಲೂ ಕಾಫಿ ಕೊಯ್ಲಿನ ದಿನಗಳಲ್ಲಿ, ಆ ಸಂಕೋಚಕ್ಕೆ ತೆರಬೇಕಾದ ಬೆಲೆ ಬಹಳ ಹೆಚ್ಚು.

ಜನವರಿಯ ಆ ಶನಿವಾರ ಅಕ್ಕನ ಮಗನಿಗೆ ಒಂಬತ್ತು ಕಿಲೋಮೀಟರ್ ಆಚೆಯ ಸಹಪಾಠಿಯ ಮನೆಯಿಂದ ಅಂಥದೇ ಒಂದು ಕರೆ ಬಂದಿತ್ತು. ತೋಟದ ರಸ್ತೆಯಾದ್ದರಿಂದ ಅಷ್ಟು ದೂರಕ್ಕೆ ಇಪ್ಪತ್ತೈದು ನಿಮಿಷ ಬೇಕು. ರೋಬಸ್ಟಾ ಕೊಯ್ಲು ನಡೆಯುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಹಣ್ಣು ತೂಗುವ ಕೆಲಸ ಶುರುವಾಗುತ್ತದೆ. ಒಬ್ಬೊಬ್ಬರ ಗೋಣಿಚೀಲವನ್ನೂ ತಕ್ಕಡಿಗೆ ಏರಿಸಿ, ಎಷ್ಟು ಕಿಲೋ ಎಂದು ಅವರ ಎದುರೇ ಪುಸ್ತಕದಲ್ಲಿ ಬರೆಯಬೇಕು, ಏಕೆಂದರೆ ಕೂಲಿ ನಿಂತಿರುವುದು ಆ ಕಿಲೋದ ಮೇಲೆ. ಮುಕ್ಕಾಲು ಗಂಟೆ ಹಿಡಿಯುವ ಈ ಕೆಲಸವನ್ನು ಯಜಮಾನ ಇನ್ನೊಬ್ಬರಿಗೆ ಬಿಟ್ಟು ಹೋಗುವುದಿಲ್ಲ. ತೂಕ ಮುಗಿದ ಮೇಲೆ ಕತ್ತಲಾಗುವ ಮೊದಲು ಕೆಲಸದವರನ್ನು ಜೀಪಿನಲ್ಲಿ ಮನೆ ಸೇರಿಸಬೇಕು. ಆನೆ ಓಡಾಡುವ ದಾರಿಯಲ್ಲಿ ಅವರನ್ನು ನಡೆಸಲಾಗದು. ಮನೆಯಲ್ಲಿರುವುದು ಒಂದೇ ಜೀಪು.

ಅಕ್ಕ ಮಗನನ್ನು ಕರೆದುಕೊಂಡು ನಾಲ್ಕಕ್ಕೆ ಸರಿಯಾಗಿ ಹೋದಳು. ಅರ್ಧ ಗಂಟೆಯಲ್ಲಿ ಕೇಕ್ ಕತ್ತರಿಸುತ್ತಾರೆ, ಐದಕ್ಕೆ ಜೀಪು ತೋಟಕ್ಕೆ ಮರಳಿರುತ್ತದೆ ಎಂಬುದು ಅವಳ ಅಂದಾಜು. ಆದರೆ ಹುಟ್ಟುಹಬ್ಬದ ಮಗುವಿನ ಸೋದರಮಾವ ಮೈಸೂರಿನಿಂದ ಬರುತ್ತಿದ್ದರು. ಅವರಿಲ್ಲದೆ ಕೇಕ್ ಕತ್ತರಿಸುವಂತಿರಲಿಲ್ಲ. ಅವರು ಬಂದಾಗ ಆರೂ ಹತ್ತು. ಕೇಕ್ ತಿನ್ನದೆ ಹೊರಟರೆ ಮಗುವಿಗೆ ಬೇಸರ, ಊಟ ಮಾಡದೆ ಹೊರಟರೆ ಮನೆಯವರಿಗೆ ಬೇಸರ. ಇತ್ತ ಭಾವ ತೂಕ ಮುಗಿಸಿ, ಕೆಲಸದವರೊಂದಿಗೆ ಕಣದಲ್ಲಿ ನಿಂತು, ಸಿಗ್ನಲ್ ಸಿಗುವ ಒಂದೇ ಮೂಲೆಯಿಂದ ಫೋನು ಮಾಡುತ್ತಲೇ ಇದ್ದರು. ಕೊನೆಗೆ ಪಕ್ಕದ ತೋಟದವರ ಪಿಕ್‌ಅಪ್ ಬೇಡಿ ತಂದು ಕೆಲಸದವರನ್ನು ಕಳುಹಿಸಿದರು. ಅಕ್ಕ ಮನೆಗೆ ಬಂದದ್ದು ಏಳೂ ಮುಕ್ಕಾಲಿಗೆ, ದಾರಿಯಲ್ಲಿ ಆನೆ ನಿಂತಿದೆ ಎಂದು ಯಾರೋ ಹೇಳಿದ್ದರಿಂದ ಸುತ್ತು ಹಾಕಿಕೊಂಡು. ಇದರಲ್ಲಿ ಯಾರದೂ ದೊಡ್ಡ ತಪ್ಪಿರಲಿಲ್ಲ. ಕೇಕ್ ಆರಕ್ಕೆ, ಮಕ್ಕಳನ್ನು ಏಳಕ್ಕೆ ಕರೆದೊಯ್ಯಿರಿ ಎಂದು ಮೊದಲೇ ಬರೆದಿದ್ದರೆ ಅಕ್ಕ ಐದೂವರೆಯವರೆಗೆ ಮನೆಯಲ್ಲೇ ಇರುತ್ತಿದ್ದಳು, ಇಲ್ಲವೆ ಕತ್ತಲಿಗೆ ಹೆದರಿ ಹೋಗುತ್ತಲೇ ಇರಲಿಲ್ಲ.

ಮೂರು ವಾರದ ನಂತರ ಅಕ್ಕನ ಮಗನಿಗೇ ಏಳು ತುಂಬುವುದಿತ್ತು. ಆಮಂತ್ರಣ ಬರೆಯಲು ಕುಳಿತಾಗ ನಾನು ಡಚ್ ಚೀಟಿಯ ವಿಷಯ ತೆಗೆದೆ.

"ಬಾಗಿಲಲ್ಲೇ ಮಗುವನ್ನು ಇಸಕೊಂಡು ತಂದೆತಾಯಿಯನ್ನು ಕಳಿಸಿಬಿಡೋದಾ? ಅದು ನಮ್ಮಲ್ಲಿ ಆಗೋ ಮಾತಲ್ಲ ಮಾರಾಯ," ಎಂದಳು ಅಕ್ಕ.

"ಅದು ಬೇಡ ಅಕ್ಕ, ಹೊತ್ತು ಮಾತ್ರ ಬರೆಯೋಣ," ಎಂದೆ.

ಭಾವ ಅಷ್ಟು ಹೊತ್ತು ಸುಮ್ಮನಿದ್ದವರು ಹೇಳಿದ ಮಾತು ನನಗೆ ಹೊಳೆದೇ ಇರಲಿಲ್ಲ: "ಪುತ್ತರಿಗೆ ಹೇಗೆ ಬರೀತಾರೋ ಹಾಗೆ ಬರೀರಿ." ನಿಜವೇ. ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಈ ಸುಗ್ಗಿ ಹಬ್ಬದ ಮುಹೂರ್ತ ಗೊತ್ತುಮಾಡುವಾಗ ಎಲೆಗಳ ನೆರೆ ಕಟ್ಟುವುದು ಇಷ್ಟಕ್ಕೆ, ಭತ್ತದ ಕದಿರು ತೆಗೆಯುವುದು ಇಷ್ಟಕ್ಕೆ, ಊಟ ಇಷ್ಟಕ್ಕೆ ಎಂದು ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಅದನ್ನು ಓದಿದ ಯಾರಿಗೂ ಊಟ ಮುಗಿಸಿ ಎದ್ದು ಹೋಗಿ ಎಂದರೆಂದು ಅನ್ನಿಸುವುದಿಲ್ಲ. ತಲಕಾವೇರಿಯ ತೀರ್ಥೋದ್ಭವದ ಹೊತ್ತನ್ನು ನಿಮಿಷ ಬಿಡದೆ ಕಾಯುವ ನಾವು ಮಕ್ಕಳ ಕೇಕಿನ ಹೊತ್ತಿಗೆ ಮಾತ್ರ ಹಿಂಜರಿಯುತ್ತೇವೆ. ಡಚ್ಚರ ಚೀಟಿಯನ್ನು ನಾನು ಕಡಲಾಚೆಯಿಂದ ಹೊತ್ತು ತರುವ ಅಗತ್ಯವೇ ಇರಲಿಲ್ಲ.

ಹೊತ್ತನ್ನು ನಾವು ಹಿಂದಿನಿಂದ ಎಣಿಸಿದೆವು. ಆ ದಿನಗಳಲ್ಲಿ ಆರೂವರೆಯ ಹೊತ್ತಿಗೆ ಕತ್ತಲು ಕವಿಯುತ್ತದೆ. ಅತಿ ದೂರದ ಮನೆಗೆ ಇಪ್ಪತ್ತೈದು ನಿಮಿಷದ ದಾರಿ, ಅದಕ್ಕೆ ಕಾಫಿ ಕುಡಿಯುವ ಕಾಲು ಗಂಟೆಯನ್ನು ಸೇರಿಸಿದರೆ ಐದೂ ಐವತ್ತಾಯಿತು; ಇನ್ನೂ ಸ್ವಲ್ಪ ಬಿಡುವಿಟ್ಟುಕೊಂಡರೆ ಐದೂವರೆ ಮೀರಿ ಯಾವ ಮಗುವೂ ನಮ್ಮಲ್ಲಿ ಉಳಿಯಬಾರದು. ಕರೆಯಲು ಬರುವ ತಂದೆಯರಿಗೆ ನಾಲ್ಕರಿಂದ ನಾಲ್ಕೂ ಮುಕ್ಕಾಲರವರೆಗೆ ತೂಕವಿರುತ್ತದೆ, ಆಮೇಲೆ ಕೆಲಸದವರನ್ನು ಬಿಟ್ಟುಬರುವುದಿರುತ್ತದೆ. ಆದ್ದರಿಂದ ಐದೂಕಾಲಕ್ಕಿಂತ ಮೊದಲು ಕರೆದರೂ ಪ್ರಯೋಜನವಿಲ್ಲ. ತಂದು ಬಿಡುವ ಹೊತ್ತು ತೂಕಕ್ಕೆ ಮುಂಚೆಯೇ ಆಗಬೇಕಾದ್ದರಿಂದ ಮೂರು ಗಂಟೆ. ನಡುವೆ ಎರಡೂಕಾಲು ಗಂಟೆ ಸಿಕ್ಕಿತು, ಏಳು ವರ್ಷದ ಮಕ್ಕಳಿಗೆ ಧಾರಾಳವಾಗಿ ಸಾಕು. ಕೊನೆಗೆ ಕಳುಹಿಸಿದ ಸಂದೇಶ ಹೀಗಿತ್ತು:

"ಮಕ್ಕಳನ್ನು ತಂದು ಬಿಡುವುದು: ಮಧ್ಯಾಹ್ನ 3.00. ಕೇಕ್: 4.00, ಯಾರಿಗೂ ಕಾಯುವುದಿಲ್ಲ. ಮಕ್ಕಳಿಗೆ ತಿಂಡಿ: 4.30, ಹೊಟ್ಟೆ ತುಂಬುವಷ್ಟು. ಕರೆದೊಯ್ಯಲು ಬರುವುದು: ಸಂಜೆ 5.15, ಕಾಫಿ ಕುಡಿದೇ ಹೋಗಬೇಕು. ಯಾರು ಬರುತ್ತೀರೆಂದು ಮುಂಚಿತವಾಗಿ ತಿಳಿಸಿ."

'ಯಾರಿಗೂ ಕಾಯುವುದಿಲ್ಲ' ಎಂಬುದು ಒರಟಾಯಿತೆಂದು ಅಕ್ಕ ಎರಡು ಸಲ ಅಳಿಸಿದಳು, ನಾನು ಎರಡು ಸಲ ಸೇರಿಸಿದೆ. ನನ್ನ ಪ್ರಕಾರ ಇಡೀ ಸಂದೇಶ ನಿಂತಿರುವುದು ಆ ಮಾತಿನ ಮೇಲೆ. ಕೇಕ್ ಜಾರಿದರೆ ತಿಂಡಿ ಜಾರುತ್ತದೆ, ತಿಂಡಿ ಜಾರಿದರೆ ಐದೂಕಾಲಕ್ಕೆ ಬಂದವರು ಅಂಗಳದಲ್ಲಿ ನಿಂತು ಗಡಿಯಾರ ನೋಡುತ್ತಾರೆ, ಮುಂದಿನ ಸಲ ಬರೆದ ಹೊತ್ತನ್ನು ಯಾರೂ ನಂಬುವುದಿಲ್ಲ. ಕೊನೆಯ ಸಾಲೂ ಬರಿಯ ಉಪಚಾರಕ್ಕಲ್ಲ. ಜೀಪು ಕಳುಹಿಸಿದವರು ಡ್ರೈವರನ್ನು ಕಳುಹಿಸುತ್ತಾರೋ ಚಿಕ್ಕಪ್ಪನನ್ನೋ ಎಂಬುದು ತಿಳಿಯದೆ ಮಗುವನ್ನು ಹತ್ತಿಸಿ ಕಳುಹಿಸಲಾಗುವುದಿಲ್ಲ.

ಎಡವಟ್ಟು ಆಗದೆ ಇರಲಿಲ್ಲ. ನಾವು ಮೊದಲು ಈ ಹೊತ್ತುಗಳನ್ನೆಲ್ಲ ಕೇಕಿನ ಚಿತ್ರದ ಮೇಲೆಯೇ ಚಂದಕ್ಕೆ ಬರೆಸಿ ಕಳುಹಿಸಿದ್ದೆವು. ನೆಟ್‌ವರ್ಕ್ ಸರಿಯಿಲ್ಲದ ಎರಡು ಮನೆಗಳಲ್ಲಿ ಚಿತ್ರ ತೆರೆದುಕೊಳ್ಳಲೇ ಇಲ್ಲ. ಮೇಲಿನಂತೆ ಅಕ್ಷರದಲ್ಲಿ ಮತ್ತೆ ಕಳುಹಿಸಿದ್ದು ಆ ಕಾರಣಕ್ಕೆ. ಇನ್ನೊಂದು ಮನೆಯವರು ಮೊದಲ ಚಿತ್ರವನ್ನೇ ನೋಡಿ, ಅದರ ಕೆಳಗೆ ದಪ್ಪಗೆ ಬರೆದಿದ್ದ 5.15ನ್ನು ಪಾರ್ಟಿಯ ಹೊತ್ತೆಂದು ತಿಳಿದು, ಅಜ್ಜಿಯನ್ನೂ ಸೇರಿಸಿ ಐದು ಜನ ಹೊಸ ಬಟ್ಟೆ ತೊಟ್ಟು ಬಂದಿಳಿದರು. ಅವರ ಮಗುವಿಗೆ ಉಳಿದ ಕೇಕನ್ನು ಇನ್ನೊಮ್ಮೆ ಕತ್ತರಿಸಿದೆವು. ಚಿತ್ರದಲ್ಲಿ ಅಂಕಿ ಮಾತ್ರ ದೊಡ್ಡದಾಗಿತ್ತು, 'ಕರೆದೊಯ್ಯಲು' ಎಂಬ ಪದ ಸಣ್ಣದಾಗಿತ್ತು; ಪದವನ್ನು ಅಂಕಿಗಿಂತ ಮುಂದೆ, ಅಷ್ಟೇ ದಪ್ಪಗೆ ಬರೆಯಬೇಕೆಂದು ಅಕ್ಕ ಈಗ ಎಲ್ಲರಿಗೂ ಹೇಳುತ್ತಿದ್ದಾಳೆ.

ಉಳಿದ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಐದೂವರೆಯೊಳಗೆ ಹೊರಟರು. ಕರೆಯಲು ಬಂದ ತಂದೆಯೊಬ್ಬರ ಅಂಗಿಯ ಜೇಬಿನಲ್ಲಿ ತೂಕದ ಪುಸ್ತಕ ಇನ್ನೂ ಹಾಗೆಯೇ ಇತ್ತು. ಅವರು ನಿಂತೇ ಕಾಫಿ ಕುಡಿದು, ಕೆಲಸದವರನ್ನು ಬಿಟ್ಟು ಸೀದಾ ಇಲ್ಲಿಗೆ ಬಂದೆ ಎಂದರು. ದಿನವನ್ನು ಹೀಗೆ ಒಂದರ ಹಿಂದೆ ಒಂದರಂತೆ ಜೋಡಿಸಿಕೊಳ್ಳಲು ಅವರಿಗೆ ಬೇಕಾಗಿದ್ದುದು ನಮ್ಮಿಂದ ಒಂದು ಅಂಕಿ, ಅಷ್ಟೇ.

ನೆಂಟರಿಗೆ ಈ ಸಂದೇಶ ಹೋಗಲಿಲ್ಲ. ಅವರಿಗೆ ಭಾವ ಬೇರೆಯಾಗಿ 'ರಾತ್ರಿ ಊಟಕ್ಕೆ ಬನ್ನಿ' ಎಂದಷ್ಟೇ ಬರೆದಿದ್ದರು. ಹೊತ್ತು ಹಾಕೋಣವೇ ಎಂದು ನಾನು ಕೇಳಲೂ ಇಲ್ಲ. ಅವರು ಏಳರಿಂದ ಎಂಟೂವರೆಯವರೆಗೆ ಒಬ್ಬೊಬ್ಬರಾಗಿ ಬಂದರು. ಹಂದಿ ಕರಿ, ಕಡಂಬುಟ್ಟು ಮುಗಿದು ಕೊನೆಯ ಜೀಪು ಗೇಟು ದಾಟುವಾಗ ಹನ್ನೊಂದೂವರೆಯಾಗಿತ್ತು.