ನಿಂತ ಟ್ರ್ಯಾಕ್ಟರಿಗೂ ಖರ್ಚಿದೆ

"ಹತ್ತು ಜನ ಸೇರಿ ಯಂತ್ರ ಕೊಂಡರೆ ನನ್ನ ಖರ್ಚು ಹೇಗೆ ಇಳಿಯುತ್ತೆ?"

ಸದಸ್ಯರೊಬ್ಬರ ಈ ಪ್ರಶ್ನೆಗೆ ನಮ್ಮ ಸಂಘದ ಅಧ್ಯಕ್ಷರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಟ್ರ್ಯಾಕ್ಟರ್ ಸುಮ್ನೆ ನಿಂತಿದ್ದರೂ ಸಾಲದ ಬಡ್ಡಿ, ವಿಮೆ, ಶೆಡ್ ಬಾಡಿಗೆ ನಿಲ್ಲುವುದಿಲ್ಲ. ಒಬ್ಬರೇ ವರ್ಷಕ್ಕೆ 50 ಗಂಟೆ ಓಡಿಸಿದರೆ ಆ ಭಾರವೆಲ್ಲ 50 ಗಂಟೆಯ ಮೇಲೇ ಬೀಳುತ್ತದೆ. ಹತ್ತು ಸದಸ್ಯರು ಸೇರಿ 500 ಗಂಟೆ ಓಡಿಸಿದರೆ, ಗಂಟೆಯ ಪಾಲು ಹತ್ತರಲ್ಲಿ ಒಂದಾಗುತ್ತದೆ. ಡೀಸೆಲ್, ಚಾಲಕರ ಕೂಲಿ ಮಾತ್ರ ಇಳಿಯುವುದಿಲ್ಲ. ಅವು ಓಡಿದಷ್ಟೂ ಖರ್ಚೇ.

ನನಗೆ ಚಿಂತೆ ಇರುವುದು ಬಿತ್ತನೆ ವಾರದ್ದು. ಮಳೆ ಬಿದ್ದ ಮೇಲೆ ಎಲ್ಲರಿಗೂ ಒಟ್ಟಿಗೇ ಟ್ರ್ಯಾಕ್ಟರ್ ಬೇಕು, ಅಲ್ವಾ? ಸರದಿ ಬರುವಷ್ಟರಲ್ಲಿ ಕೊನೆಯವರ ಹೊಲದ ಹದ ಆರಿಹೋದರೆ ಉಳಿತಾಯಕ್ಕಿಂತ ನಷ್ಟವೇ ಜಾಸ್ತಿ. ಅದಕ್ಕೇ ಸರದಿ ಪಟ್ಟಿ ಮಳೆಗೆ ಮೊದಲೇ ಬರೆದಿಡಬೇಕು. ಈ ಸಲ ಕೊನೆಯಲ್ಲಿದ್ದವರು ಮುಂದಿನ ಸಲ ಮೊದಲು ಬರಬೇಕು.