ಕೀಲಿ ಕೈಗೆ ಬಂದ ಮಾತ್ರಕ್ಕೆ ಮನೆ ನಿಮ್ಮದಾಗಲಿಲ್ಲ: ಪುಣೆಯಲ್ಲಿ ಹಳೆ ಫ್ಲ್ಯಾಟ್ ಕೊಳ್ಳುವ ಕನ್ನಡಿಗರಿಗೆ

ಊರಿನ ಹೊಲ ಮಾರಿ, ಇದ್ದಬದ್ದ ಬಂಗಾರ ಅಡವಿಟ್ಟು ಪಿಂಪ್ರಿ-ಚಿಂಚ್‌ವಡದಲ್ಲೋ ಹಡಪ್‌ಸರದಲ್ಲೋ ಒಂದು ಹಳೆ ಫ್ಲ್ಯಾಟ್ ಹಿಡಿಯುವ ನಮ್ಮವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಸಾಠೇಖತ್ ಅಂದರೆ ಮಾರಾಟದ ಕರಾರು ನೋಟರಿ ಆಗಿದೆ, ಮುಕ್ಕಾಲು ದುಡ್ಡು ಕೊಟ್ಟಾಗಿದೆ, ಸ್ವಾಧೀನ ಕೊಟ್ಟದ್ದಕ್ಕೆ ತಾಬಾ ಪಾವತಿ ಬರೆಸಿಕೊಂಡು ಮನೆಯೊಳಗೆ ಹಾಲುಕ್ಕಿಸಿಯೂ ಆಯಿತು, ಇನ್ನು ಯಾರು ನಮ್ಮನ್ನು ಎಬ್ಬಿಸುತ್ತಾರೆ ಎಂಬ ನಂಬಿಕೆ ಅದು. 2001ರ ಸೆಪ್ಟೆಂಬರ್ 24ಕ್ಕೆ ಮುಂಚೆ ಬರೆದ ಕರಾರಾಗಿದ್ದರೆ ಆ ಧೈರ್ಯಕ್ಕೆ ಕಾನೂನಿನ ಬೆಂಬಲವಿತ್ತು. ಆಮೇಲಿನ ಕರಾರಿಗೆ ಅದಿಲ್ಲ. ಇಷ್ಟು ವರ್ಷಗಳಾದರೂ ಈ ಮಾತು ಜನರಿಗೆ ಮುಟ್ಟಿಲ್ಲ ಅನ್ನುವುದೇ ನನ್ನ ಸಂಕಟ.

ಆಸ್ತಿ ವರ್ಗಾವಣೆ ಕಾಯ್ದೆ 1882ರದ್ದು. ಅದಕ್ಕೆ 1929ರಲ್ಲಿ 53ಎ ಕಲಂ ಸೇರಿತು. ಪಾರ್ಟ್ ಪರ್ಫಾರ್ಮೆನ್ಸ್ ಅಂತ ವಕೀಲರು ಹೇಳುವುದು ಇದನ್ನೇ. ಮಾಲೀಕ ತನ್ನ ಸಹಿಯ ಬರಹದಲ್ಲಿ ಮಾರಲು ಒಪ್ಪಿರಬೇಕು. ಷರತ್ತುಗಳು ಆ ಬರಹದಿಂದಲೇ ಸ್ಪಷ್ಟವಾಗಬೇಕು. ಕೊಳ್ಳುವವನು ಆ ಕರಾರಿನ ಮೇಲೆಯೇ ಸ್ವಾಧೀನಕ್ಕೆ ಬಂದಿರಬೇಕು. ಮೊದಲೇ ಬಾಡಿಗೆಗೆ ಇದ್ದವನಾದರೆ ಅಲ್ಲೇ ಮುಂದುವರಿಯುತ್ತ ಕರಾರಿಗೆ ಸಂಬಂಧಪಟ್ಟ ಬೇರೇನಾದರೂ ಮಾಡಿರಬೇಕು. ಕೊನೆಯದಾಗಿ, ತನ್ನ ಪಾಲಿನ ಕೆಲಸ ಮುಗಿಸಿರಬೇಕು ಇಲ್ಲವೇ ಮುಗಿಸಲು ಸಿದ್ಧನಿರಬೇಕು. ಇಷ್ಟೂ ಇದ್ದರೆ, ಕ್ರಯಪತ್ರ ಆಗದಿದ್ದರೂ ಮಾಲೀಕ "ಮನೆ ನನ್ನದು, ಹೊರಗೆ ನಡಿ" ಎನ್ನುವಂತಿಲ್ಲ. ಆದರೆ ಇದರಿಂದ ನಿಮಗೆ ಮಾಲೀಕತ್ವ ಬರುವುದಿಲ್ಲ. ನಿಮ್ಮನ್ನು ಎಬ್ಬಿಸಲು ಬಂದ ಮಾಲೀಕನ ಎದುರು ಹಿಡಿಯುವ ಗುರಾಣಿ ಮಾತ್ರ ಇದು.

2001ರ ತಿದ್ದುಪಡಿ ಆ ಗುರಾಣಿಗೆ ಒಂದು ಷರತ್ತು ಹಾಕಿತು. 53ಎ ರಕ್ಷಣೆ ಬೇಕಿದ್ದರೆ ಕರಾರು ನೋಂದಣಿಯಾಗಿರಲೇಬೇಕು. ನೋಂದಣಿ ಕಾಯ್ದೆಗೆ 17(1ಎ) ಸೇರಿಸಿ, ನೋಂದಣಿಯಾಗದ ಕರಾರು ಈ ಉದ್ದೇಶಕ್ಕೆ ಲೆಕ್ಕಕ್ಕಿಲ್ಲ ಎಂದು ನೇರವಾಗಿ ಬರೆದರು. ನೋಟರಿಯ ಮೊಹರು ಸಹಿ ನಿಜವೆಂದು ತೋರಿಸಬಹುದು, ಆದರೆ ನೋಂದಣಿಯ ಜಾಗ ತುಂಬುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಫ್ಲ್ಯಾಟಿನ ಬೆಲೆ 60 ಲಕ್ಷ. 2022ರ ಜನವರಿ 10ರಂದು 500 ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ ಸಾಠೇಖತ್, ನೋಟರಿ ಸಹಿ. 45 ಲಕ್ಷ ಬ್ಯಾಂಕ್ ಮೂಲಕ ಸಂದಾಯ, ಅದೇ ದಿನ ಕೀಲಿ ಹಸ್ತಾಂತರ. ಸೊಸೈಟಿಯ ಎನ್‌ಒಸಿ ತಂದುಕೊಟ್ಟು ಜೂನ್ 30ರೊಳಗೆ ಕ್ರಯಪತ್ರ ಮಾಡಿಕೊಡುವುದು ಮಾಲೀಕನ ಹೊಣೆ, ಅಂದೇ ಉಳಿದ 15 ಲಕ್ಷ ಕೊಡುವುದು ಕೊಳ್ಳುವವನ ಹೊಣೆ. ಅಷ್ಟರಲ್ಲಿ ಆ ಏರಿಯಾದಲ್ಲಿ ರೇಟು ಏರಿತು. ಮಾಲೀಕ ಇವತ್ತು ನಾಳೆ ಎನ್ನುತ್ತ ಬಂದ.

ಇಲ್ಲಿ ಮೊದಲ ಪೆಟ್ಟು ಸ್ಟಾಂಪಿನದು. ಮಹಾರಾಷ್ಟ್ರದ ಸ್ಟಾಂಪ್ ಕಾಯ್ದೆಯ ಪರಿಚ್ಛೇದ 25ರ ವಿವರಣೆಯಂತೆ, ಸ್ವಾಧೀನ ಕೊಟ್ಟ ಅಥವಾ ಕೊಡಲು ಒಪ್ಪಿದ ಮಾರಾಟದ ಕರಾರಿಗೆ ಕ್ರಯಪತ್ರಕ್ಕೆ ಬೀಳುವಷ್ಟೇ ಡ್ಯೂಟಿ ಬೀಳುತ್ತದೆ. ಮುಂದೆ ಕ್ರಯಪತ್ರ ಮಾಡುವಾಗ ಅದು ವಜಾ ಆಗುತ್ತದೆ, ಎರಡು ಸಲ ಕಟ್ಟಬೇಕಿಲ್ಲ. 500 ರೂಪಾಯಿಯ ಕಾಗದವನ್ನು ಕೋರ್ಟಿಗೆ ಕೊಟ್ಟರೆ ಅದನ್ನು ಜಪ್ತು ಮಾಡಿ ಬಾಕಿ ಡ್ಯೂಟಿಯ ಜೊತೆಗೆ ಕೊರತೆಯ ಮೇಲೆ ತಿಂಗಳಿಗೆ ಶೇ 2ರಂತೆ ದಂಡ ಕೇಳುತ್ತಾರೆ. ಕೊರತೆ 3.6 ಲಕ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 7,200 ರೂಪಾಯಿ. ಕಟ್ಟುವ ತನಕ ಆ ಕಾಗದವನ್ನು ಸಾಕ್ಷ್ಯವಾಗಿ ಓದುವುದಿಲ್ಲ. ಡ್ಯೂಟಿ ಉಳಿಸಲೆಂದೇ ನೋಟರಿ ಸಾಕು ಎಂದು ಸಲಹೆ ಕೊಟ್ಟ ಏಜೆಂಟ್ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಎರಡನೆಯದು ನೋಂದಣಿಯ ಗಡುವು. ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಕಾಗದವನ್ನು ಸಬ್ ರಿಜಿಸ್ಟ್ರಾರ್ ಮುಂದೆ ಇಡಬೇಕು. ತಕ್ಕ ಕಾರಣವಿದ್ದರೆ ದಂಡದೊಡನೆ ಇನ್ನು ನಾಲ್ಕು ತಿಂಗಳು ಸಿಗಬಹುದು. ನಮ್ಮ ಉದಾಹರಣೆಯಲ್ಲಿ ಮೇ 10, ಬಹಳವೆಂದರೆ ಸೆಪ್ಟೆಂಬರ್ 10. ಅದು ದಾಟಿದ ಮೇಲೆ ಮಾಲೀಕ ಹೊಸ ಕಾಗದಕ್ಕೆ ಸಹಿ ಹಾಕಿದರಷ್ಟೇ ದಾರಿ, ಮನಸ್ಸು ಕೆಟ್ಟವನು ಹಾಕುವುದಿಲ್ಲ. ಹಾಗಾಗಿ ಕೀಲಿ ತಗೊಳ್ಳುವ ದಿನವೇ ನೋಂದಣಿ ಮುಗಿಯಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಆ ದಿನ ಮಾಲೀಕನಿಗೂ ದುಡ್ಡಿನ ಗರಜು ಇರುತ್ತದೆ.

ನೋಂದಣಿಯಾಗದ ಕರಾರು ಪೂರ್ತಿ ಕಸವೇನಲ್ಲ. ಕರಾರಿನಂತೆ ಕ್ರಯಪತ್ರ ಬರೆದುಕೊಡಿಸಿ ಎಂದು ಕೇಳುವ ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ದಾವೆಯಲ್ಲಿ ಅದನ್ನು ಪುರಾವೆಯಾಗಿ ಕೊಡಬಹುದು, ನೋಂದಣಿ ಕಾಯ್ದೆಯ 49ನೇ ಕಲಮಿನಲ್ಲೇ ಆ ವಿನಾಯಿತಿ ಇದೆ. ಆದರೆ ಗಡುವು ಮೂರು ವರ್ಷ. ಕರಾರಿನಲ್ಲಿ ತಾರೀಖು ನಮೂದಾಗಿದ್ದರೆ ಆ ತಾರೀಖಿನಿಂದ ಲೆಕ್ಕ, ಇಲ್ಲಿ 2025ರ ಜೂನ್ 30. ನೋಂದಣಿಯಾದ ಕರಾರಿಗೂ ಆಗದ ಕರಾರಿಗೂ ಇರುವ ದೊಡ್ಡ ವ್ಯತ್ಯಾಸ ಕಾಣುವುದು ಈ ಗಡುವು ಮೀರಿದಾಗಲೇ. ಶ್ರೀಮಂತ್ ಶಾಮರಾವ್ ಸೂರ್ಯವಂಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಇದನ್ನು: ದಾವೆ ಹೂಡುವ ಅವಧಿ ಮುಗಿದರೂ, 53ಎಯ ಷರತ್ತುಗಳೆಲ್ಲ ಇದ್ದರೆ ಕೊಂಡವನು ತನ್ನ ಸ್ವಾಧೀನ ಉಳಿಸಿಕೊಳ್ಳಬಹುದು. ನೋಂದಣಿ ಇಲ್ಲದವನಿಗೆ ಆ ಆಸರೆಯೂ ಇಲ್ಲ. ಸಿದ್ಧತೆ ತೋರಿಸುವುದೂ ಬಾಯಿಮಾತಿನಲ್ಲಿ ಆಗುವ ಕೆಲಸವಲ್ಲ. ಉಳಿದ 15 ಲಕ್ಷ ತಯಾರಿದೆ, ಇಂಥ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ ಎಂದು ಬರೆದ ನೋಟಿಸು, ಆ ದಿನದ ಬ್ಯಾಂಕ್ ಸ್ಟೇಟ್‌ಮೆಂಟು ಎರಡೂ ಕಡತದಲ್ಲಿರಬೇಕು.

ಈಗ ದಾವೆ ಹೂಡಿದ ಮೇಲಿನ ಮಾತು. ಮಹಾರಾಷ್ಟ್ರದಲ್ಲಿ ವಕೀಲರೇ ಎಡವುವ ಜಾಗ ಇದು. ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮಿಗೆ ಲಿಸ್ ಪೆಂಡೆನ್ಸ್ ಎಂದು ಹೆಸರು. ಒಂದು ಸ್ಥಿರಾಸ್ತಿಯ ಹಕ್ಕು ದಾವೆಯಲ್ಲಿ ನೇರವಾಗಿ ಪ್ರಶ್ನೆಯಾಗಿರುವಾಗ ಪಕ್ಷಗಾರರಲ್ಲಿ ಯಾರೇ ಅದನ್ನು ಮಾರಿದರೂ, ಕೊಂಡವನು ತೀರ್ಪಿಗೆ ತಲೆಬಾಗಲೇಬೇಕು. ಮಾರಾಟ ರದ್ದಾಗುವುದಿಲ್ಲ, ಡಿಕ್ರಿಯ ಕೆಳಗೆ ಬೀಳುತ್ತದೆ. ಕರ್ನಾಟಕದ ವಕೀಲರನ್ನು ಕೇಳಿದರೆ, ವಾದಪತ್ರ ಕೋರ್ಟಿಗೆ ಸಲ್ಲಿಸಿದ ಕ್ಷಣದಿಂದ ಇದು ತಾನೇ ಜಾರಿ, ಕೊಂಡವನಿಗೆ ದಾವೆಯ ವಿಷಯ ಗೊತ್ತಿತ್ತೋ ಇಲ್ಲವೋ ಬೇಕಿಲ್ಲ ಎನ್ನುತ್ತಾರೆ. ಮೂಲ ಕಾಯ್ದೆ ಇರುವುದೂ ಹಾಗೆಯೇ. ಆದರೆ ಮುಂಬೈ ಪ್ರಾಂತ್ಯ 1939ರಲ್ಲಿ ಈ ಕಲಮನ್ನು ತಿದ್ದಿತು. ಮಹಾರಾಷ್ಟ್ರದಲ್ಲಿ ದಾವೆ ಬಾಕಿ ಇದೆ ಎಂಬ ನೋಟಿಸನ್ನು ನೋಂದಾಯಿಸಿದ ಮೇಲಷ್ಟೇ 52 ಕೆಲಸ ಮಾಡುತ್ತದೆ. ಊರಿನ ವಕೀಲರ ಮಾತು ನಂಬಿ ಪುಣೆಯಲ್ಲಿ ಸುಮ್ಮನೆ ಕೂತರೆ ಕೆಡುವುದು ಇದರಿಂದಲೇ.

ನಮ್ಮ ಉದಾಹರಣೆಯ ಕೊಳ್ಳುವವನು 2024ರ ಫೆಬ್ರುವರಿ 12ರಂದು ದಾವೆ ಹೂಡಿದ ಎನ್ನಿ. ಮಾರ್ಚ್ 20ರಂದು ಮಾಲೀಕ ಮೂರನೆಯವನಿಗೆ ನೋಂದಾಯಿತ ಕ್ರಯಪತ್ರ ಬರೆದುಕೊಟ್ಟ. ಲಿಸ್ ಪೆಂಡೆನ್ಸ್ ನೋಟಿಸು ನೋಂದಣಿಯಾದದ್ದು ಏಪ್ರಿಲ್ 2ಕ್ಕೆ. ಇದೇ ಆಸ್ತಿ ಗೋವಾದ ಮ್ಹಾಪ್ಸಾದಲ್ಲೋ ಬೆಂಗಳೂರಲ್ಲೋ ಇದ್ದಿದ್ದರೆ ಮೂರನೆಯವನು ಫೆಬ್ರುವರಿ 12ರಿಂದಲೇ ಕಟ್ಟಿಬೀಳುತ್ತಿದ್ದ. ಪುಣೆಯಲ್ಲಿ 52 ಅವನನ್ನು ಮುಟ್ಟುವುದಿಲ್ಲ, ನೋಟಿಸು 13 ದಿನ ತಡವಾಯಿತು.

ಹಾಗಂತ ಎಲ್ಲ ಮುಗಿಯಲಿಲ್ಲ. ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 19(ಬಿ) ಪ್ರಕಾರ ನಂತರ ಕೊಂಡವನ ಮೇಲೂ ಕರಾರು ಜಾರಿ ಮಾಡಿಸಬಹುದು. ಅವನು ತಪ್ಪಿಸಿಕೊಳ್ಳಬೇಕಾದರೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟೆ, ಹಳೆ ಕರಾರಿನ ವಿಷಯ ತಿಳಿದಿರಲಿಲ್ಲ ಎಂದು ತೋರಿಸಬೇಕು. ಇಲ್ಲಿ ಸ್ವಾಧೀನ ಇನ್ನೊಂದು ರೀತಿಯಲ್ಲಿ ನೆರವಿಗೆ ಬರುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮಿನ ವಿವರಣೆಯಂತೆ, ಆಸ್ತಿಯಲ್ಲಿ ವಾಸ್ತವವಾಗಿ ಯಾರಿದ್ದಾರೋ ಅವರ ಹಕ್ಕಿನ ಅರಿವು ಕೊಳ್ಳುವವನಿಗೆ ಇತ್ತೆಂದೇ ಭಾವಿಸಲಾಗುತ್ತದೆ. ಸಂಸಾರ ಸಮೇತ ಒಳಗಿದ್ದು, ಕರೆಂಟ್ ಬಿಲ್ಲು, ಗ್ಯಾಸ್ ಸಂಪರ್ಕ, ಸೊಸೈಟಿಯ ಮೆಂಟೇನೆನ್ಸ್ ರಸೀದಿ ನಿಮ್ಮ ಹೆಸರಲ್ಲಿದ್ದರೆ "ನನಗೆ ಗೊತ್ತೇ ಇರಲಿಲ್ಲ" ಎಂಬ ವಾದ ನಿಲ್ಲುವುದು ಕಷ್ಟ. ಬೀಗ ಹಾಕಿ ಊರಿಗೆ ಹೋಗಿದ್ದರೆ ನಿಮ್ಮ ಹಿಡಿತ ಸಡಿಲ. ಒಳಗೆ ಬಾಡಿಗೆದಾರನನ್ನು ಇಟ್ಟಿದ್ದರೆ ವಾದಕ್ಕೆ ಎಡೆಯಾಗುತ್ತದೆ. ಆದರೆ ಇದೆಲ್ಲ ಸಾಕ್ಷಿ, ಪಾಟಿ ಸವಾಲುಗಳ ಹಾದಿ. ವರ್ಷಗಟ್ಟಲೆ ಹಿಡಿಯುವ ಆ ಹೋರಾಟ ಒಂದು ನೋಟಿಸಿನಿಂದ ತಪ್ಪುತ್ತಿತ್ತು.

ಆ ನೋಟಿಸಿನಲ್ಲಿ ಇರಬೇಕಾದ್ದು ಐದೇ ವಿಷಯ: ಮಾಲೀಕನ ಹೆಸರು ವಿಳಾಸ, ಆಸ್ತಿಯ ವಿವರ, ದಾವೆ ಬಾಕಿ ಇರುವ ಕೋರ್ಟು, ದಾವೆಯ ಸ್ವರೂಪ ಮತ್ತು ಶೀರ್ಷಿಕೆ, ದಾವೆ ದಾಖಲಾದ ದಿನಾಂಕ. ಆಸ್ತಿ ಯಾವ ಸಬ್ ರಿಜಿಸ್ಟ್ರಾರ್ ವ್ಯಾಪ್ತಿಯಲ್ಲಿದೆಯೋ ಅಲ್ಲಿ ನೋಂದಣಿ. ತಪ್ಪಾಗುವುದು ಆಸ್ತಿಯ ವಿವರದಲ್ಲಿ. ಸಾಠೇಖತ್‌ನಲ್ಲಿ ಸರ್ವೆ ನಂಬರ್, ಸೊಸೈಟಿಯ ದಾಖಲೆಯಲ್ಲಿ ನಗರ ಸರ್ವೆಯ ಸಿಟಿಎಸ್ ನಂಬರ್ ಇರುತ್ತದೆ, ಟೈಪಿಸ್ಟ್ ಒಂದನ್ನಷ್ಟೇ ಹಾಕುತ್ತಾನೆ. ವಿಂಗ್ ಬಿ ಎಂಬುದು ಬಿಟ್ಟುಹೋಗುತ್ತದೆ. ನೋಂದಣಿ ಕಚೇರಿಯ ಸೂಚಿಯಾದ ಇಂಡೆಕ್ಸ್ ಟು ಹುಡುಕಿದವನಿಗೆ ಕಾಣದ ನೋಟಿಸು ಎದುರಾಳಿಯ ವಕೀಲನಿಗೆ ಒಳ್ಳೆ ಆಯುಧ. ಎರಡೂ ನಂಬರ್, ಕಟ್ಟಡದ ಹೆಸರು, ವಿಂಗ್, ಮಹಡಿ, ಕಾರ್ಪೆಟ್ ಏರಿಯಾ ಎಲ್ಲ ಬರೆಸಿ. ದಾವೆ ಸಲ್ಲಿಸಿದ ವಾರದಲ್ಲೇ ಮುಗಿಸಿ. ಜೊತೆಗೇ ತಾತ್ಕಾಲಿಕ ತಡೆಯಾಜ್ಞೆಗೂ ಅರ್ಜಿ ಹಾಕಿ, ನೋಟಿಸು ಇದೆಯಲ್ಲ ಎಂದು ಅದನ್ನು ಬಿಡಬೇಡಿ.

ಕೊಟ್ಟ ಮುಂಗಡ ವಾಪಸ್ ಕೊಡಿಸಿ ಎಂದಷ್ಟೇ ದಾವೆ ಹೂಡಿದರೆ ನೋಟಿಸು ನೋಂದಾಯಿಸಿಯೂ ಪ್ರಯೋಜನವಿಲ್ಲ. ಅದು ಹಣದ ದಾವೆ, ಆಸ್ತಿಯ ಹಕ್ಕು ಅಲ್ಲಿ ನೇರವಾಗಿ ಪ್ರಶ್ನೆಯಲ್ಲ. ಕ್ರಯಪತ್ರ ಕೇಳಿ, ಪರ್ಯಾಯವಾಗಿ ಹಣ ಕೇಳಿ.

ಮಹಾರಾಷ್ಟ್ರದ ಈ ಪದ್ಧತಿ ನನ್ನ ಅಭಿಪ್ರಾಯದಲ್ಲಿ ಹೆಚ್ಚು ನ್ಯಾಯದ್ದು. ಮುಗ್ಧವಾಗಿ ಕೊಳ್ಳುವವನಿಗೆ ಯಾವುದೋ ಕೋರ್ಟಿನ ಕಡತದಲ್ಲಿ ಏನಿದೆ ಎಂದು ತಿಳಿಯುವ ದಾರಿ ಬೇಕು. 2010ರಲ್ಲಿ ಟಿ.ಜಿ. ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ನೋಂದಣಿ ಇಲ್ಲದ ಕಡೆ ಕೊಳ್ಳುವವರು ಪಡುವ ಪಾಡನ್ನು ಎತ್ತಿ ಹೇಳಿತು. ದೇಶದ ಉಳಿದ ಕಡೆಗೂ ಇದು ಬರಬೇಕು.

ಅಲ್ಲಿಯ ತನಕ ಗೋವಾದಲ್ಲಿ ಕೊಳ್ಳುವವರ ಎಚ್ಚರ ಬೇರೆ ಥರದ್ದು. ಅಲ್ಲಿ ಮುಂಬೈ ತಿದ್ದುಪಡಿ ಇಲ್ಲ, ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಶೋಧನೆಯಲ್ಲಿ ದಾವೆ ಕಾಣದೇ ಇರಬಹುದು, ಆದರೂ ನಿಮ್ಮನ್ನು ಕಟ್ಟಿಹಾಕುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರಿನಿಂದ ವರ್ಷವಾರು ಹುಡುಕಬೇಕು. ಮಾರುವವನದಷ್ಟೇ ಅಲ್ಲ, ಅವನ ಹೆಂಡತಿ, ಅಣ್ಣತಮ್ಮಂದಿರು, ತೀರಿಕೊಂಡ ತಂದೆಯ ಹೆಸರಿನಲ್ಲೂ. ಅಲ್ಲಿನ ಹೆಸರುಗಳನ್ನು ಎರಡು ಮೂರು ಬಗೆಯಾಗಿ ಬರೆಯುತ್ತಾರೆ, ಎಲ್ಲ ಬಗೆಯಲ್ಲೂ ಹುಡುಕಿ. ತಂದೆಯ ಆಸ್ತಿ ಹಂಚುವ ಇನ್ವೆಂಟರಿ ಪ್ರಕರಣ ನಡೆಯುತ್ತಿದೆಯೇ ಎಂದು ನೇರವಾಗಿ ಕೇಳಿ. ನಡೆಯುತ್ತಿದ್ದರೆ, ನಿಮಗೆ ಮಾರುತ್ತಿರುವ ಮನೆ ಕೊನೆಗೆ ಬೇರೆ ವಾರಸುದಾರನ ಪಾಲಿಗೆ ಬೀಳಬಹುದು. ಆ ಪ್ರಕರಣ ಮುಗಿದ ಆದೇಶದ ಪ್ರತಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.